ಒಂದೇ ಸ್ಕ್ರಿಪ್ಟ್, ನಾಲ್ಕು ಆ್ಯಪ್: ಈರುಳ್ಳಿ ವಿಡಿಯೋ ಎಲ್ಲಿ ಎಷ್ಟು ಉದ್ದ ಇರಬೇಕು?

ಪ್ರಶ್ನೆ: ಸರ್, ನಾನು ಚಿತ್ರದುರ್ಗ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಈರುಳ್ಳಿ ಬೆಳೆಯುತ್ತೇವೆ. ಕಿತ್ತ ಈರುಳ್ಳಿ ಕೊಳೆಯದ ಹಾಗೆ ಏನು ಮಾಡಬೇಕು ಅಂತ 95 ಸೆಕೆಂಡಿನ ಒಂದು ವಿಡಿಯೋ ಮಾಡಿದೆ. ಅದನ್ನೇ ಯೂಟ್ಯೂಬ್ ಶಾರ್ಟ್ಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್ ಎಲ್ಲದಕ್ಕೂ ಹಾಕಿದೆ. ಫೇಸ್‌ಬುಕ್‌ನಲ್ಲಿ ಮಾತ್ರ ಸ್ವಲ್ಪ ಜನ ನೋಡಿದರು. ಸ್ಪೀಡ್ ಜಾಸ್ತಿ ಮಾಡಿ ಒಂದು ನಿಮಿಷಕ್ಕೆ ಇಳಿಸಿದೆ, ಆಗಲೂ ಅಷ್ಟೇ. ನಾಲ್ಕಕ್ಕೂ ಬೇರೆ ಬೇರೆ ವಿಡಿಯೋ ಮಾಡೋಕೆ ಟೈಮ್ ಇಲ್ಲ. ಒಂದೇ ಸ್ಕ್ರಿಪ್ಟ್‌ನಲ್ಲಿ ಏನು ಬದಲಾಯಿಸಬೇಕು? ಸ್ಕ್ರಿಪ್ಟ್ ಜೊತೆಗೆ ಕಳಿಸಿದ್ದೇನೆ.

ಉತ್ತರ:

ನಿಮ್ಮ ಸ್ಕ್ರಿಪ್ಟ್ ಓದಿದೆ. ವಿಷಯ ಗಟ್ಟಿಯಾಗಿದೆ, ಶೂಟಿಂಗ್ ಒಂದೇ ಸಲ ಸಾಕು. ನಡುವಿನ ಭಾಗ ನಾಲ್ಕಕ್ಕೂ ಒಂದೇ ಇರಲಿ. ಮೊದಲ ಐದಾರು ಸೆಕೆಂಡು ಮತ್ತು ಕೊನೆಯ ಒಂದು ಸಾಲನ್ನು ಮಾತ್ರ ಆಯಾ ಆ್ಯಪ್‌ಗೆ ಬೇರೆ ಬೇರೆಯಾಗಿ ಹೇಳಿ. ಆಮೇಲೆ ನಡುವಿನ ಭಾಗದಿಂದ ಎಷ್ಟು ಸಾಲು ಬೇಕೋ ಅಷ್ಟನ್ನೇ ತೆಗೆದುಕೊಳ್ಳಿ. ಇದನ್ನು ನಿಮ್ಮ ಈರುಳ್ಳಿ ವಿಡಿಯೋ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ಉದ್ದದ ಲೆಕ್ಕ. ಆ್ಯಪ್‌ಗಳ ಮಿತಿ ನಿಮಗೆ ಈಗ ಸಮಸ್ಯೆಯೇ ಅಲ್ಲ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಬಿಡುತ್ತದೆ. ಇನ್‌ಸ್ಟಾಗ್ರಾಂ ರೀಲ್ಸ್ ಕೂಡ 2025ರ ಜನವರಿಯಲ್ಲಿ ಮೂರು ನಿಮಿಷಕ್ಕೆ ಬಂತು. ನಿಮ್ಮ 95 ಸೆಕೆಂಡು ಈ ಎರಡರಲ್ಲೂ ಮಿತಿ ಮೀರಿಲ್ಲ. ಆದರೂ ಜನ ನಿಲ್ಲಲಿಲ್ಲ ಅಂದರೆ ಕಾರಣ ಬೇರೆ ಇದೆ. ನಿಮ್ಮ ಮೊದಲ ಎರಡು ವಾಕ್ಯ ನೋಡಿ:

«ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ. ಇವತ್ತಿನ ವಿಡಿಯೋದಲ್ಲಿ ಈರುಳ್ಳಿ ಕಿತ್ತ ಮೇಲೆ ಕೊಳೆಯದ ಹಾಗೆ ಹೇಗೆ ಇಡಬೇಕು ಅಂತ ತಿಳಿಸಿಕೊಡ್ತೀನಿ.»

ಇದರಲ್ಲಿ 52 ಅಕ್ಷರ ಇದೆ. ಕನ್ನಡದಲ್ಲಿ ಪದ ಎಣಿಸಿ ಸಮಯ ಅಂದಾಜು ಮಾಡಬೇಡಿ. ನಮ್ಮ ಪದಗಳ ಉದ್ದ ಒಂದೇ ಸಮ ಇರುವುದಿಲ್ಲ. ‘ನೋಡಿ’ ಒಂದು ಪದ, ‘ತಿಳಿಸಿಕೊಡ್ತೀನಿ’ ಕೂಡ ಒಂದು ಪದ. ಅದಕ್ಕೆ ನಾನು ಅಕ್ಷರ ಎಣಿಸುತ್ತೇನೆ. ಒತ್ತಕ್ಷರವನ್ನು ಒಂದೇ ಅಂತ ಹಿಡಿಯಿರಿ, ‘ಚಾನೆಲ್’ನ ಕೊನೆಯ ‘ಲ್’ ತರಹದ ಅರ್ಧ ಅಕ್ಷರವನ್ನು ಬಿಡಿ. ಆರಾಮಾಗಿ, ಉಸಿರು ತೆಗೆದುಕೊಂಡು ಮಾತಾಡಿದರೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಬರುತ್ತದೆ. ನಿಮ್ಮ ಮಾತಿನ ವೇಗ ಬೇರೆ ಇರಬಹುದು. ಫೋನ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಎಣಿಸಿದರೆ ಗೊತ್ತಾಗುತ್ತದೆ. ಐದರ ಲೆಕ್ಕದಲ್ಲಿ ನಿಮ್ಮ ನಮಸ್ಕಾರ, ಸ್ವಾಗತಕ್ಕೇ ಹತ್ತು ಸೆಕೆಂಡು ಹೋಯಿತು. ಅಷ್ಟು ಹೊತ್ತಿಗೆ ಅಪರಿಚಿತ ನೋಡುಗ ಮುಂದಿನ ವಿಡಿಯೋಗೆ ಹೋಗಿರುತ್ತಾನೆ.

ಇನ್ನು ಸ್ಪೀಡ್ ಜಾಸ್ತಿ ಮಾಡಿದ ವಿಷಯ. ಇದು ಕನ್ನಡಕ್ಕೆ ಇಂಗ್ಲಿಷ್‌ನಂಥ ಭಾಷೆಗಿಂತ ಹೆಚ್ಚು ಹೊಡೆತ ಕೊಡುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬೇಡ’ ಅನ್ನುವುದು ಅದಕ್ಕಿಂತ ಕೊನೆಗೆ. ವೇಗ ಹೆಚ್ಚಿಸಿದರೆ ಮಸುಕಾಗುವುದು ವಾಕ್ಯದ ಬಾಲವೇ, ಯಾಕೆಂದರೆ ಅಲ್ಲಿ ದನಿ ಮೊದಲೇ ಇಳಿದಿರುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಮೌನದ ಜಾಗವನ್ನು ತಾನೇ ಕತ್ತರಿಸುವ ಸೌಲಭ್ಯ ಇರುತ್ತದಲ್ಲ, ಅದೂ ಇದೇ ಕೆಲಸ ಮಾಡುತ್ತದೆ. ಇಳಿದ ದನಿಯನ್ನು ಮೌನ ಅಂದುಕೊಂಡು ‘ಕತ್ತರಿಸಬೇಡಿ’ಯ ‘ಬೇಡಿ’ಯನ್ನು ತಿಂದುಹಾಕುತ್ತದೆ. ರೈತರಿಗೆ ಕೇಳಿಸುವುದು ‘ಕಿತ್ತ ತಕ್ಷಣ ಕತ್ತರಿಸಿ’ ಅಂತ! ನೀವು ಕಳಿಸಿದ ಒಂದು ನಿಮಿಷದ ವಿಡಿಯೋದಲ್ಲಿ ಎರಡನೇ ಸಾಲು ಹೆಚ್ಚೂ ಕಡಿಮೆ ಹಾಗೇ ಕೇಳಿಸುತ್ತಿದೆ. ಹೆಡ್‌ಫೋನ್ ಹಾಕದೆ, ಫೋನ್ ಸ್ಪೀಕರ್‌ನಲ್ಲಿ, ಫ್ಯಾನ್ ತಿರುಗುವಾಗ ಒಮ್ಮೆ ಕೇಳಿ ನೋಡಿ. ಉದ್ದ ಕಡಿಮೆ ಮಾಡಬೇಕಾದರೆ ಸಾಲು ತೆಗೆಯಿರಿ, ಮಾತಿನ ವೇಗಕ್ಕೆ ಕೈ ಹಾಕಬೇಡಿ.

ನಡುವಿನ ಭಾಗ

ನಿಮ್ಮ ಸ್ಕ್ರಿಪ್ಟ್‌ನಲ್ಲಿ ಎರಡು ವಿಷಯ ಸೇರಿಕೊಂಡಿದೆ. ಒಂದು, ಕಿತ್ತ ಮೇಲೆ ಒಣಗಿಸಿ ಕೊಯ್ಯುವುದು. ಇನ್ನೊಂದು, ಶೆಡ್‌ನಲ್ಲಿ ಶೇಖರಿಸುವುದು. ಇವನ್ನು ಬೇರೆ ಮಾಡಿ. ಮೊದಲನೆಯದು ಎಲ್ಲ ಆ್ಯಪ್‌ಗೂ ಹೋಗಲಿ. ಎರಡನೆಯದು ಫೇಸ್‌ಬುಕ್‌ಗೆ ಮಾತ್ರ ಸೇರಲಿ, ಯೂಟ್ಯೂಬ್‌ನಲ್ಲಿ ಅದು ಬೇರೆ ವಿಡಿಯೋ ಆಗಲಿ. ಮೊದಲ ಭಾಗವನ್ನು ನಾನು ಹೀಗೆ ಬರೆಯುತ್ತೇನೆ:

«ಈರುಳ್ಳಿ ಕಿತ್ತ ತಕ್ಷಣ ಕತ್ತರಿಸಬೇಡಿ.
ಎಲೆ ಸಮೇತ ಹೊಲದಲ್ಲೇ ಸಾಲಾಗಿ ಹಾಕಿ.
ಒಂದು ಸಾಲಿನ ಗಡ್ಡೆ ಮೇಲೆ ಇನ್ನೊಂದು ಸಾಲಿನ ಎಲೆ ಬರಲಿ.
ಬಿಸಿಲು ಗಡ್ಡೆಗೆ ನೇರ ಬೀಳಬಾರದು.
ಮೂರರಿಂದ ಐದು ದಿನಕ್ಕೆ ಕುತ್ತಿಗೆ ಒಣಗಿ ಸಣ್ಣ ಆಗುತ್ತೆ.
ಬೆರಳಲ್ಲಿ ತಿರುಚಿ ನೋಡಿ.
ಒಳಗೆ ಜಾರಿದ ಹಾಗಾದ್ರೆ ಇನ್ನೂ ಹಸಿ ಇದೆ.
ಒಣಗಿದ ಮೇಲೆ ಒಂದು ಇಂಚು ಕುತ್ತಿಗೆ ಬಿಟ್ಟು ಕೊಯ್ಯಿರಿ.
ದಪ್ಪ ಕುತ್ತಿಗೆ ಇರೋವು, ಪೆಟ್ಟಾದವು, ಜೋಡಿ ಗಡ್ಡೆ, ಇವನ್ನ ಇಡಬೇಡಿ, ಮೊದಲೇ ಮಾರಿಬಿಡಿ.
ಮಳೆ ಇದ್ದರೆ ಹೊಲದಲ್ಲಿ ಒಣಗಿಸಬೇಡಿ, ನೆರಳಿಗೆ ತನ್ನಿ.»

ಒಟ್ಟು ಸುಮಾರು 175 ಅಕ್ಷರ, ಅಂದರೆ 35 ಸೆಕೆಂಡು.

ಕೊನೆಯ ಸಾಲು ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ನಮ್ಮ ಕಡೆ ಮುಂಗಾರು ಈರುಳ್ಳಿ ಕೀಳುವ ಹೊತ್ತಿಗೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ‘ಹೊಲದಲ್ಲೇ ಹಾಕಿ’ ಅನ್ನುವ ಮಾತು ಕೇಳಿ ಯಾರಾದರೂ ಮೋಡ ಕವಿದ ದಿನ ಹಾಗೇ ಬಿಟ್ಟರೆ ನಷ್ಟ ಅವರಿಗೆ, ಕೆಟ್ಟ ಹೆಸರು ನಿಮಗೆ. ಇಂಥ ಎಚ್ಚರಿಕೆಯ ಸಾಲನ್ನು ಎಷ್ಟೇ ಚಿಕ್ಕ ವಿಡಿಯೋ ಆದರೂ ತೆಗೆಯಬಾರದು. ಮುಂದೆ ನೀವು ಔಷಧಿ ಸಿಂಪಡಣೆ ಬಗ್ಗೆ ಮಾಡಿದರೆ ಇದು ಇನ್ನೂ ಮುಖ್ಯ. ಲೀಟರಿಗೆ ಎಷ್ಟು, ಸಿಂಪಡಿಸಿ ಎಷ್ಟು ದಿನ ಆದಮೇಲೆ ಕೊಯ್ಲು ಅನ್ನುವುದು 20 ಸೆಕೆಂಡಿಗೆ ಹಿಡಿಯದಿದ್ದರೆ ಆ ವಿಷಯ 20 ಸೆಕೆಂಡಿನ ವಿಡಿಯೋಗೆ ಸಲ್ಲುವುದಿಲ್ಲ, ಅಷ್ಟೇ.

ಸಾಲುಗಳ ಶುರುವನ್ನೂ ಗಮನಿಸಿ. ಯಾವುದೂ ‘ಆಮೇಲೆ’, ‘ಅದಕ್ಕೇ’, ‘ಹಾಗಾಗಿ’ ಅಂತ ಶುರುವಾಗಿಲ್ಲ. ಹಾಗೆ ಶುರುವಾದರೆ ಆ ಸಾಲು ಹಿಂದಿನ ಸಾಲಿಗೆ ಅಂಟಿಕೊಳ್ಳುತ್ತದೆ, ಬೇರೆ ಕಡೆ ಬಳಸಲು ಬರುವುದಿಲ್ಲ. ಮಳೆಯ ಸಾಲಿನಲ್ಲಿ ‘ಹೊಲದಲ್ಲಿ ಬೇಡ’ ಅಂತ ಚಿಕ್ಕದಾಗಿ ಹೇಳಬಹುದಿತ್ತು. ಆದರೆ ಮೇಲಿನ ಸಾಲುಗಳಿಲ್ಲದೆ ಅದನ್ನೊಂದೇ ಕೇಳಿದವರಿಗೆ ಏನು ಬೇಡ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ‘ಒಣಗಿಸಬೇಡಿ’ ಅಂತ ಪೂರ್ತಿ ಹೇಳಿದ್ದು. ಬರೆದಾದ ಮೇಲೆ ಒಂದೊಂದು ಸಾಲನ್ನೂ ಬೇರೆ ತೆಗೆದು ಓದಿ. ಒಂಟಿಯಾಗಿ ಅರ್ಥ ಆಗದಿದ್ದರೆ ತಿದ್ದಿ.

ಶೂಟ್ ಮಾಡುವಾಗ ಪ್ರತಿ ಸಾಲಿನ ನಂತರ ಪೂರ್ತಿ ಒಂದು ಸೆಕೆಂಡು ಬಾಯಿ ಮುಚ್ಚಿ ನಿಲ್ಲಿ. ಕೈಯನ್ನೂ ಮೊದಲಿನ ಜಾಗಕ್ಕೆ ತನ್ನಿ. ಕತ್ತರಿ ಹಾಕುವ ಜಾಗ ಅದು. ‘ಬೇಡಿ’ ಅನ್ನುವಾಗ ದನಿ ಇಳಿಸಬೇಡಿ. ಹೊಲದಲ್ಲಿ ಗಾಳಿ ಇದ್ದರೆ ಕಾಲರ್ ಮೈಕ್‌ಗೆ ಸ್ಪಾಂಜ್ ಹಾಕಿ, ಇಲ್ಲವಾದರೆ ಗಾಳಿಗೆ ಬೆನ್ನು ಮಾಡಿ ನಿಂತರೂ ಆದೀತು. ನಡುವಿನ ಭಾಗ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಬೆಳಕಲ್ಲಿ, ಅದೇ ಅಂಗಿಯಲ್ಲಿ ನಾಲ್ಕು ಶುರು, ನಾಲ್ಕು ಕೊನೆ ಹೇಳಿ ಮುಗಿಸಿ. ನಾಳೆ ಹೇಳೋಣ ಅಂದರೆ ಬೆಳಕು ಬೇರೆ ಆಗಿ ಜೋಡಿಸಿದ್ದು ಕಣ್ಣಿಗೆ ಹೊಡೆಯುತ್ತದೆ.

ಯೂಟ್ಯೂಬ್ ಶಾರ್ಟ್ಸ್

ಇಲ್ಲಿ ನೋಡುವವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ತನ್ನ ತೊಂದರೆಯ ಬಗ್ಗೆ ಮಾತಾಡುತ್ತಿದ್ದಾನೆ ಅಂತ ಅನಿಸಿದರೆ ನಿಲ್ಲುತ್ತಾರೆ. ದನಿ ನೇರ ಇರಲಿ, ಹರಟೆ ಬೇಡ. ಕೈಯಲ್ಲಿ ಒಂದು ಕೊಳೆತ ಗಡ್ಡೆ ಹಿಡಿದು ಕ್ಯಾಮೆರಾ ಹತ್ತಿರ ತಂದು ಹೀಗೆ ಶುರು ಮಾಡಿ:

«ಈರುಳ್ಳಿ ಕಿತ್ತು ಹದಿನೈದು ದಿನಕ್ಕೇ ಕೊಳೀತಾ ಇದೆಯಾ? ಈ ಕುತ್ತಿಗೆ ನೋಡಿ, ಕೊಳೆ ಇಲ್ಲಿಂದಾನೇ ಶುರು.»

32 ಅಕ್ಷರ, ಆರು ಸೆಕೆಂಡು ಚಿಲ್ಲರೆ. ಇದಾದ ಮೇಲೆ ನಡುವಿನ ಭಾಗ ಪೂರ್ತಿ ಬರಲಿ. ಕೊನೆಗೆ «ಇಡೋದು ಹೇಗೆ ಅನ್ನೋದು ಮುಂದಿನ ವಿಡಿಯೋದಲ್ಲಿದೆ.» ಎಲ್ಲಾ ಸೇರಿ 45 ಸೆಕೆಂಡು. ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟ್‌ನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, 2023ರಿಂದ ಅದನ್ನು ನಿಲ್ಲಿಸಿದ್ದಾರೆ. ಶೇಖರಣೆಯ ವಿಡಿಯೋವನ್ನು ಮೊದಲು ಅಪ್‌ಲೋಡ್ ಮಾಡಿ, ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ Related video ಅನ್ನುವ ಕಡೆ ಅದನ್ನು ಜೋಡಿಸಿ. ಅದಾದರೆ ಒತ್ತಬಹುದು.

ಒಂದು ನಿಮಿಷ ದಾಟುವ ಶಾರ್ಟ್ಸ್ ಮಾಡುವುದಾದರೆ ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಲೇಬೇಡಿ. ಒಂದು ನಿಮಿಷ ಮೀರಿದ ಶಾರ್ಟ್ಸ್‌ಗೆ ಹಾಡಿನ ಹಕ್ಕು ತಮ್ಮದು ಅನ್ನುವ ಕಂಟೆಂಟ್ ಐಡಿ ಕ್ಲೇಮ್ ಬಂದರೆ ಯೂಟ್ಯೂಬ್ ಅದನ್ನು ಎಲ್ಲ ಕಡೆ ತಡೆಯುತ್ತದೆ. ನಿಮ್ಮ 95 ಸೆಕೆಂಡಿನ ವಿಡಿಯೋದಲ್ಲಿ ಹಾಡು ಕೇಳಿಸುತ್ತಿದೆ, ಒಮ್ಮೆ ಸ್ಟುಡಿಯೋದಲ್ಲಿ Restrictions ಅನ್ನುವ ಕಾಲಂ ನೋಡಿ.

ಇನ್‌ಸ್ಟಾಗ್ರಾಂ

ನಿಮಗೆ ಹೆಚ್ಚು ಕಷ್ಟ ಆಗುತ್ತಿರುವುದು ಇಲ್ಲಿ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

ಈರುಳ್ಳಿ ಕೀಳುವ ಯಜಮಾನರು ಇನ್‌ಸ್ಟಾಗ್ರಾಂನಲ್ಲಿ ಕಡಿಮೆ. ಅವರ ಮಕ್ಕಳು ಇದ್ದಾರೆ. ದಾವಣಗೆರೆಯಲ್ಲಿ ಓದುವ ಹುಡುಗರು, ಬೆಂಗಳೂರಿನಲ್ಲಿ ಕೆಲಸ ಮಾಡುವವರು. ಅವರಿಗೆ ‘ರೈತ ಬಾಂಧವರೇ’ ಅಂತ ಕೂಗಿದರೆ ತನಗಲ್ಲ ಅಂತ ಮುಂದೆ ಹೋಗುತ್ತಾರೆ. ನೀವು ಮಾತಾಡಬೇಕಾದ್ದು ಆ ಮಗನ ಜೊತೆ, ಮಗಳ ಜೊತೆ. ಅವರ ಕೈಯಿಂದ ಅಪ್ಪನ ಫೋನಿಗೆ ವಿಡಿಯೋ ಹೋಗಬೇಕು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ಹೇಳಿದ ಮಾತೂ ಇದಕ್ಕೆ ಹೊಂದುತ್ತದೆ. ನಿಮ್ಮನ್ನು ಫಾಲೋ ಮಾಡದವರಿಗೆ ರೀಲ್ ತಲುಪಬೇಕಾದರೆ, ನೋಡಿದವರು ಅದನ್ನು ಬೇರೆಯವರಿಗೆ ಕಳಿಸುವುದು ಲೈಕ್‌ಗಿಂತ ಹೆಚ್ಚು ತೂಗುತ್ತದೆ ಅಂತ ಅವರು ಹೇಳಿದ್ದರು.

ಆದ್ದರಿಂದ ಶುರು ಹೀಗಿರಲಿ:

«ಅಪ್ಪ ಈರುಳ್ಳಿ ಬೆಳೀತಾರಾ? ಕುತ್ತಿಗೆ ತಿರುಚಿ ನೋಡೋಕೆ ಹೇಳಿ.»

ಮುಂದಕ್ಕೆ ನಡುವಿನ ಭಾಗದಿಂದ ಮೂರೇ ಸಾಲು: ‘ಒಳಗೆ ಜಾರಿದ ಹಾಗಾದ್ರೆ ಇನ್ನೂ ಹಸಿ ಇದೆ’, ‘ಒಣಗಿದ ಮೇಲೆ ಒಂದು ಇಂಚು ಕುತ್ತಿಗೆ ಬಿಟ್ಟು ಕೊಯ್ಯಿರಿ’, ಮತ್ತು ಮಳೆಯ ಸಾಲು. ಕೊನೆಗೆ «ಊರಿಗೆ ಹೋಗೋಕೆ ಮುಂಚೆ ಇದನ್ನ ಅಪ್ಪನಿಗೆ ಕಳಿಸಿ.» ಎಲ್ಲಾ ಸೇರಿ 92 ಅಕ್ಷರ, 20 ಸೆಕೆಂಡು ಕೂಡ ಆಗುವುದಿಲ್ಲ. ಸಾಲಾಗಿ ಹಾಕುವುದು, ಎಲೆ ಮುಚ್ಚುವುದು ಇಲ್ಲವಲ್ಲ ಅಂತ ನಿಮಗೆ ಅನಿಸಬಹುದು. ಅದನ್ನೆಲ್ಲ ಕ್ಯಾಪ್ಶನ್‌ನಲ್ಲಿ ಬರೆಯಿರಿ, 2,200 ಕ್ಯಾರೆಕ್ಟರ್‌ವರೆಗೆ ಜಾಗ ಇದೆ. ಮಗ ಬರೀ 20 ಸೆಕೆಂಡು ನೋಡುತ್ತಾನೆ, ಅಪ್ಪ ಕ್ಯಾಪ್ಶನ್ ಓದುತ್ತಾರೆ.

ದನಿ ಇಲ್ಲಿ ಸ್ವಲ್ಪ ಸಲುಗೆಯದು ಇರಲಿ. ಆದರೆ ಇನ್‌ಸ್ಟಾಗ್ರಾಂ ಅಂತ ನಿಮ್ಮದಲ್ಲದ ಬೆಂಗಳೂರು ಕಂಗ್ಲಿಷ್ ಮಾತಾಡಲು ಹೋಗಬೇಡಿ. ದುರ್ಗದ ಕಡೆಯ ಮಾತೇ ಚೆಂದ, ಊರು ಬಿಟ್ಟು ಹೋದವರು ಅದನ್ನು ಕೇಳಿಯೇ ನಿಲ್ಲುತ್ತಾರೆ. ಮಗನ ಜೊತೆ ಮಾತಾಡುವಾಗಲೂ ‘ಅಪ್ಪ ಬೆಳೀತಾರಾ’ ಅಂತ ಗೌರವದ ರೂಪ ಇಟ್ಟಿದ್ದೇನೆ, ಗಮನಿಸಿ. ‘ನಿಮ್ಮಪ್ಪ ಬೆಳೀತಾನಾ’ ಅಂದರೆ ಸಲುಗೆ ಅತಿಯಾಯಿತು, ಆ ವಿಡಿಯೋ ಅಪ್ಪನಿಗೆ ಕಳಿಸುವ ಹಾಗೂ ಇರುವುದಿಲ್ಲ.

ಫೇಸ್‌ಬುಕ್

ನಿಮ್ಮ ಉದ್ದದ ವಿಡಿಯೋ ಇಲ್ಲಿ ಓಡಿದ್ದರಲ್ಲಿ ಆಶ್ಚರ್ಯ ಇಲ್ಲ. ಕೃಷಿ ಗುಂಪುಗಳಲ್ಲಿ ಇರುವವರು ಹೆಚ್ಚಿನವರು ವಯಸ್ಸಾದ, ಅನುಭವ ಇರುವ ರೈತರು. ಅವರು ಪೂರ್ತಿ ಕೇಳುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ ಕೂಡ. ಹಾಗಾಗಿ ಇಲ್ಲಿ ಪಾಠ ಮಾಡುವ ದನಿ ಬೇಡ. ನೀವು ಅವರಿಗಿಂತ ಚಿಕ್ಕವರು. ‘ಕೊಯ್ಯಿರಿ’ ಅನ್ನುವುದನ್ನು ನಡುವಿನ ಭಾಗದಲ್ಲಿ ಬದಲಾಯಿಸುವ ಅಗತ್ಯ ಇಲ್ಲ, ಆದರೆ ಶುರುವಿನಲ್ಲಿ ಅವರ ಜೊತೆ ಕೂತು ಮಾತಾಡಿದ ಹಾಗಿರಲಿ:

«ಈ ಸಲ ಮಳೆ ನೋಡಿದ್ರೆ ಈರುಳ್ಳಿ ಇಡೋದೋ ಮಾರೋದೋ ಅಂತ ಎಲ್ಲರಿಗೂ ತಲೆಬಿಸಿ, ಅಲ್ವಾ? ನಮ್ಮ ಮನೇಲಿ ನಾವು ಮಾಡೋದು ಹೇಳ್ತೀನಿ.»

ಇದಾದ ಮೇಲೆ ನಡುವಿನ ಭಾಗ ಪೂರ್ತಿ, ಜೊತೆಗೆ ಶೇಖರಣೆಯ ಭಾಗ: ನೆಲದಿಂದ ಎತ್ತರಿಸಿದ ಅಟ್ಟಣಿಗೆ, ನಾಲ್ಕೂ ಕಡೆ ಗಾಳಿ, ಎತ್ತರದ ರಾಶಿ ಬೇಡ, ಆಗಾಗ ಕೊಳೆತದ್ದನ್ನು ಆರಿಸಿ ತೆಗೆಯುವುದು. ಮುಂಗಾರು ಗಡ್ಡೆ ಹಿಂಗಾರಿನದರಷ್ಟು ದಿನ ತಡೆಯುವುದಿಲ್ಲ ಅನ್ನುವುದನ್ನೂ ಹೇಳಿ. ಇದನ್ನು ಹೇಳದೆ ಬರೀ ಶೇಖರಣೆ ಹೇಳಿದರೆ ಅನುಭವಿಗಳು ಕಾಮೆಂಟ್‌ನಲ್ಲಿ ಹಿಡಿಯುತ್ತಾರೆ. ಕೊನೆಗೆ ‘ಲೈಕ್ ಮಾಡಿ, ಶೇರ್ ಮಾಡಿ’ ಬಿಟ್ಟು ಒಂದು ಪ್ರಶ್ನೆ ಕೇಳಿ: «ನಿಮ್ಮ ಕಡೆ ಚೀಲದಲ್ಲಿ ಇಡ್ತೀರಾ, ರಾಶಿ ಹಾಕ್ತೀರಾ?» ಉತ್ತರ ಬಂದರೆ ಮುಂದಿನ ಎರಡು ಸ್ಕ್ರಿಪ್ಟ್‌ಗೆ ಸಾಮಾನು ಸಿಕ್ಕಿತು ಅಂತ ತಿಳಿಯಿರಿ. ಉದ್ದ ಒಂದೂವರೆ ನಿಮಿಷದವರೆಗೆ ಹೋದರೂ ನಡೆಯುತ್ತದೆ.

ವಾಟ್ಸಾಪ್ ಸ್ಟೇಟಸ್, ಉಳಿದವು

ಸ್ಟೇಟಸ್ ನೋಡುವವರ ಫೋನ್‌ನಲ್ಲಿ ನಿಮ್ಮ ನಂಬರ್ ಇದೆ. ಸೋದರಮಾವ, ಮಂಡಿಯವರು, ಗೊಬ್ಬರದ ಅಂಗಡಿಯವರು. ಇವರಿಗೆ ಹಿಡಿದು ನಿಲ್ಲಿಸುವ ಶುರು ಬೇಕಿಲ್ಲ, ಹಾಕಿದರೆ ನಗುತ್ತಾರೆ. ನೇರವಾಗಿ «ನಾಳೆ ಈರುಳ್ಳಿ ಕೊಯ್ಯೋರು ಇದ್ದರೆ ಇದನ್ನ ನೋಡಿ» ಅಂದು, ತಿರುಚುವ ಸಾಲು, ಒಂದು ಇಂಚಿನ ಸಾಲು, ಮಳೆಯ ಸಾಲು. ಅಲ್ಲಿಗೆ ಸಾಕು. ಮೋಜ್ ತರಹದ ಚಿಕ್ಕ ವಿಡಿಯೋ ಆ್ಯಪ್‌ಗಳಿಗೆ ಬೇರೆ ಏನೂ ಮಾಡಬೇಡಿ, ಇನ್‌ಸ್ಟಾಗ್ರಾಂಗೆ ಮಾಡಿದ್ದನ್ನೇ ಹಾಕಿ. ಅಲ್ಲಿ ಈರುಳ್ಳಿ ವಿಷಯಕ್ಕೆ ಹೆಚ್ಚು ಶ್ರಮ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಒಂದು ಮಾತು ಎಲ್ಲದಕ್ಕೂ. ಅಕ್ಷರ, ಹಾಡು ಏನೂ ಹಾಕದ ಒಂದು ಶುದ್ಧ ಪ್ರತಿಯನ್ನು 1080 × 1920 ಅಳತೆಯಲ್ಲಿ ಫೋನ್‌ನಲ್ಲಿ ಉಳಿಸಿಕೊಳ್ಳಿ. ಒಂದು ಆ್ಯಪ್‌ನಿಂದ ಡೌನ್‌ಲೋಡ್ ಮಾಡಿ ಇನ್ನೊಂದಕ್ಕೆ ಹಾಕಿದರೆ ಮೂಲೆಯಲ್ಲಿ ಅದರ ಗುರುತು ಉಳಿಯುತ್ತದೆ, ಅಂಥದ್ದನ್ನು ಇನ್‌ಸ್ಟಾಗ್ರಾಂ ಹೊಸಬರಿಗೆ ಕಡಿಮೆ ತೋರಿಸುತ್ತದೆ. ಪರದೆಯ ಮೇಲಿನ ಬರಹವನ್ನು ಕೆಳಗಿನ ಮೂರನೇ ಒಂದು ಭಾಗದಲ್ಲಿ ಇಡಬೇಡಿ. ಅಲ್ಲಿ ಹೆಸರು, ಕ್ಯಾಪ್ಶನ್, ಬಟನ್ ಬಂದು ಮುಚ್ಚುತ್ತದೆ. ನಿಮ್ಮ ವಿಡಿಯೋದಲ್ಲಿ ‘ಒಂದು ಇಂಚು’ ಅನ್ನುವ ಬರಹ ಸರಿಯಾಗಿ ಅಲ್ಲೇ ಕೂತಿದೆ, ಶಾರ್ಟ್ಸ್‌ನಲ್ಲಿ ಯಾರಿಗೂ ಕಾಣುತ್ತಿಲ್ಲ.

ಸರಿಯಾಯಿತಾ ಇಲ್ಲವಾ ಅಂತ ತಿಳಿಯುವುದು

ನಾಲ್ಕು ಆ್ಯಪ್‌ನ ವ್ಯೂಸ್ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಪ್ರತಿಯೊಬ್ಬರೂ ವ್ಯೂ ಎಣಿಸುವ ರೀತಿ ಬೇರೆ. ಯೂಟ್ಯೂಬ್ ಕೂಡ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದರೆ ಸಾಕು, ಒಂದು ವ್ಯೂ ಅಂತ ಎಣಿಸುತ್ತದೆ. ಹಳೆಯ ಲೆಕ್ಕಕ್ಕೆ ಹತ್ತಿರದ್ದು ಬೇಕಾದರೆ ಸ್ಟುಡಿಯೋದಲ್ಲಿ Engaged views ನೋಡಿ. ಅದಕ್ಕಿಂತ ನಿಮಗೆ ಉಪಯೋಗ ಆಗುವುದು ಜನ ಎಲ್ಲಿ ಬಿಟ್ಟು ಹೋದರು ಅಂತ ತೋರಿಸುವ ಗೆರೆ. ಶಾರ್ಟ್ಸ್‌ನಲ್ಲೂ ರೀಲ್ಸ್‌ನಲ್ಲೂ ಅದು ಸಿಗುತ್ತದೆ.

ಗೆರೆ ಮೊದಲ ಮೂರು ನಾಲ್ಕು ಸೆಕೆಂಡಿನಲ್ಲೇ ದಬಕ್ಕನೆ ಬಿದ್ದರೆ ಶುರುವಿನ ಸಾಲು ಸರಿ ಇಲ್ಲ. ಅದೊಂದನ್ನೇ ಮತ್ತೆ ಹೇಳಿ ಜೋಡಿಸಿ ಹಾಕಿ, ಉಳಿದದ್ದನ್ನು ಮುಟ್ಟಬೇಡಿ. ಶುರು ದಾಟಿ ನಡುವೆ ಒಂದು ಸಾಲಿನ ಹತ್ತಿರ ಬಿದ್ದರೆ ಆ ಸಾಲು ಅಲ್ಲಿನ ಜನಕ್ಕೆ ಬೇಡ ಅಂತ ಅರ್ಥ. ನನ್ನ ಅಂದಾಜು, ‘ಒಂದು ಸಾಲಿನ ಗಡ್ಡೆ ಮೇಲೆ ಇನ್ನೊಂದು ಸಾಲಿನ ಎಲೆ’ ಅನ್ನುವಲ್ಲಿ ಶಾರ್ಟ್ಸ್ ಗೆರೆ ಸ್ವಲ್ಪ ಇಳಿಯಬಹುದು, ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಆಗ ಮಾತು ತೆಗೆದು, ಕೈಯಿಂದ ಎಲೆ ಮುಚ್ಚುವ ಎರಡು ಸೆಕೆಂಡಿನ ದೃಶ್ಯ ಹಾಕಿ. ಕೊನೆಯ ಸಾಲಿನಲ್ಲಿ ಮಾತ್ರ ಬಿದ್ದರೆ ಚಿಂತೆ ಬೇಡ, ಹೇಳಬೇಕಾದ್ದು ಅಷ್ಟರಲ್ಲಿ ತಲುಪಿರುತ್ತದೆ.

ವಾಟ್ಸಾಪ್ ಸ್ಟೇಟಸ್‌ಗೆ ಇಂಥ ಗೆರೆ ಇಲ್ಲ. ಅಲ್ಲಿ ಯಾರಾದರೂ ‘ನಮ್ಮದು ಇನ್ನೂ ಜಾರ್ತಾ ಇದೆ, ಎಷ್ಟು ದಿನ ಬಿಡ್ಲಿ?’ ಅಂತ ಫೋನ್ ಮಾಡಿದರೆ ಸರಿಯಾಗಿ ಮುಟ್ಟಿದೆ. ಮುಂಗಾರು ಈರುಳ್ಳಿ ಕೀಳುವ ಮೊದಲು ಶೂಟ್ ಮುಗಿಸಿ, ಆದರೆ ನಾಲ್ಕನ್ನೂ ಒಂದೇ ದಿನ ಹಾಕಬೇಡಿ. ಮೊದಲು ಫೇಸ್‌ಬುಕ್‌ಗೆ ಹಾಕಿ. ಅಲ್ಲಿ ಹಿರಿಯರು ಏನಾದರೂ ತಿದ್ದಿದರೆ ಸರಿಪಡಿಸಿಕೊಂಡು, ಎರಡು ದಿನ ಬಿಟ್ಟು ಶಾರ್ಟ್ಸ್ ಮತ್ತು ರೀಲ್ಸ್. ಸ್ಟೇಟಸ್ ಮಾತ್ರ ನಿಮ್ಮ ಸುತ್ತಮುತ್ತ ಕೊಯ್ಲು ಶುರುವಾದ ದಿನ ಬೆಳಿಗ್ಗೆ ಹಾಕಿ, ಅದು 24 ಗಂಟೆ ಮಾತ್ರ ಇರುತ್ತದೆ.